ಉಳಿದಿದ್ದು ಮೂರು ಡಿಗ್ರಿ

‘ಡ್ರೈವರನ ಅಜಾಗರೂಕತೆಯಿಂದ ಟ್ರ್ಯಾಕ್ಟರ್ ಪಲ್ಟಿಯಾಗಿದೆ. ಜೆಸಿಬಿ ತರಿಸಿ ಎತ್ತಿಸಲಾಗಿದೆ. ರಿಪೇರಿಗೆ ಹಣ ಬೇಕು.’

ತೋಟದಿಂದ ದೂರದ ಊರಿನಲ್ಲಿರುವ ಯಜಮಾನರಿಗೆ ಹೋಗುವ ವರದಿ ಎಷ್ಟೋ ಸಲ ಈ ಮೂರು ಸಾಲಿನಲ್ಲೇ ಮುಗಿದುಬಿಡುತ್ತದೆ. ಬರೆದವರಿಗೂ ನಿರಾಳ, ಓದಿದವರಿಗೂ ನಿರಾಳ. ಡ್ರೈವರನ್ನು ಬದಲಾಯಿಸಿದರೆ ಕೆಲಸ ಮುಗಿದ ಹಾಗೆ. ಮುಂದಿನ ವರ್ಷ ಅದೇ ಇಳಿಜಾರಿನಲ್ಲಿ ಅದೇ ಟ್ರ್ಯಾಕ್ಟರ್ ಇನ್ನೊಬ್ಬನ ಕೈಯಲ್ಲಿ ಮಗುಚಿದರೆ, ಅದೇ ಮೂರು ಸಾಲನ್ನು ಹೊಸ ತಾರೀಕು ಹಾಕಿ ಮತ್ತೆ ಕಳಿಸಬಹುದು.

ಹಾಗಾದರೆ ಇಂಥ ವರದಿಯಲ್ಲಿ ಏನಿರಬೇಕು? ನೆಲ ಹೇಗಿತ್ತು, ಹೊರೆ ಎಷ್ಟಿತ್ತು, ಓಡಿಸುತ್ತಿದ್ದವನಿಗೆ ಏನು ಗೊತ್ತಿತ್ತು ಎಂಬ ಮೂರೂ ಇರಬೇಕು. ಬರೀ ಮಾತಿನಲ್ಲಿ ಇದ್ದರೆ ಸಾಲದು, ಅಳತೆಯಲ್ಲಿ ಇರಬೇಕು. ‘ಇಳಿಜಾರು ಜಾಸ್ತಿ ಇತ್ತು, ಲೋಡು ಜಾಸ್ತಿ ಇತ್ತು’ ಎಂದು ಬರೆದರೆ ಯಜಮಾನರಿಗೆ ತಿಳಿಯುವುದು ಏನೂ ಇಲ್ಲ. ಎಷ್ಟು ಜಾಸ್ತಿ, ಯಾವುದಕ್ಕಿಂತ ಜಾಸ್ತಿ ಎಂಬುದೇ ವರದಿಯ ಜೀವ. ಅದನ್ನು ತಿಳಿಯಲು ಎಂಜಿನಿಯರ್ ಬರಬೇಕಾಗಿಲ್ಲ. ಗಾರೆ ಕೆಲಸದವರ ರಸಮಟ್ಟ, ಒಂದು ಅಳತೆ ಟೇಪು, ಒಂದು ಬಕೆಟ್ಟು, ಒಂದು ತಕ್ಕಡಿ ಸಾಕು.

ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಇದು ಯಾವುದೋ ಒಂದು ತೋಟದಲ್ಲಿ ನಡೆದದ್ದಲ್ಲ. ಮಲೆನಾಡಿನ ಯಾವ ತೋಟದಲ್ಲಾದರೂ ನಡೆಯಬಹುದಾದ್ದನ್ನು ಲೆಕ್ಕಕ್ಕಾಗಿ ಒಂದೆಡೆ ಜೋಡಿಸಿದ್ದು. ಆದ್ದರಿಂದ ಊರು, ಹೆಸರು ಬೇಡ.

ಒಂದು ಕಾಫಿ ತೋಟ. ಅದರ ಅಂಚಿನಲ್ಲಿ ಎರಡು ಎಕರೆ ಹಳೆಯ ಅರೇಬಿಕಾ. ಬಿಳಿ ಕಾಂಡಕೊರಕ ತಿಂದು ಹಾಳಾಗಿದ್ದ ಗಿಡಗಳನ್ನು ಕಿತ್ತು, ನೆರಳಿನ ನಾಲ್ಕಾರು ಸಿಲ್ವರ್ ಓಕ್ ಮರಗಳನ್ನು ಮಾತ್ರ ಉಳಿಸಿ, ಶುಂಠಿ ಹಾಕಲು ನೆಲ ಬಿಡಿಸಿದ್ದಾರೆ. ಏಪ್ರಿಲ್ ತಿಂಗಳು. ಹಿಂದಿನ ರಾತ್ರಿ ಒಂದು ಮಳೆ ಬಿದ್ದಿದೆ. ನಾಟಿಗೆ ಮುಂಚೆ ಕೊಟ್ಟಿಗೆ ಗೊಬ್ಬರ ಸಾಗಿಸಬೇಕು. 35 ಎಚ್‌.ಪಿ. ಟ್ರ್ಯಾಕ್ಟರು, ಹಿಂದೆ ಎರಡು ಚಕ್ರದ ಟ್ರೈಲರು. ಇಳಿಜಾರಿಗೆ ಅಡ್ಡಲಾಗಿ ಹೋಗುತ್ತ ಅಲ್ಲಲ್ಲಿ ನಿಲ್ಲಿಸಿ ಗೊಬ್ಬರ ಇಳಿಸುತ್ತಿದ್ದಾರೆ. ಡ್ರೈವರನ ಎಡಕ್ಕೆ ಏರು, ಬಲಕ್ಕೆ ಇಳಿಜಾರು. ಅರ್ಧ ಲೋಡು ಇಳಿದ ಮೇಲೆ ಮುಂದಕ್ಕೆ ಹೊರಟಾಗ ಟ್ರ್ಯಾಕ್ಟರು ಬಲ ಮಗ್ಗುಲಿಗೆ ಮಗುಚಿ, ಕೆಳಗಿನ ಸಿಲ್ವರ್ ಓಕಿಗೆ ಆತು ನಿಂತಿತು. ಮರ ಇಲ್ಲದಿದ್ದರೆ ಇನ್ನೊಂದು ಸುತ್ತು ಉರುಳುತ್ತಿತ್ತು. ಡ್ರೈವರನ ಕಾಲು ಮುರಿಯಿತು, ಜೀವ ಉಳಿಯಿತು. ಸಾಮಾನ್ಯವಾಗಿ ಮಡ್‌ಗಾರ್ಡ್ ಮೇಲೆ ಕೂರುತ್ತಿದ್ದ ಆಳು ಆ ಹೊತ್ತಿಗೆ ಕೆಳಗೆ ನಿಂತಿದ್ದ.

ಗಾಯಾಳುವನ್ನು ಆಸ್ಪತ್ರೆಗೆ ಕಳಿಸುವುದು, ಎಂಜಿನ್ ಆರಿಸುವುದು, ಡೀಸೆಲ್ ಸೋರುತ್ತಿದ್ದರೆ ಬೀಡಿ ಹಚ್ಚಿದವರನ್ನು ದೂರ ಅಟ್ಟುವುದು ಮೊದಲ ಕೆಲಸ. ಪೊಲೀಸರಿಗೂ ವಿಮೆಯವರಿಗೂ ತಿಳಿಸುವುದು ಆಮೇಲೆ. ಇಷ್ಟಾದ ಮೇಲೆ ತೋಟದ ರೈಟರಿಗೆ ಒಂದು ಗಂಟೆಯ ಅವಕಾಶ ಇರುತ್ತದೆ. ಜೆಸಿಬಿ ಬಂದು ಟ್ರ್ಯಾಕ್ಟರನ್ನು ಎತ್ತಿದ ಕ್ಷಣಕ್ಕೆ ಟೈರಿನ ಗುರುತು, ಗುಂಡಿ, ಬೊಡ್ಡೆ ಎಲ್ಲ ಕಲಸಿಹೋಗುತ್ತವೆ. ಅಷ್ಟರೊಳಗೆ ಬರೆದುಕೊಂಡದ್ದೇ ವರದಿ. ಮಿಕ್ಕಿದ್ದೆಲ್ಲ ನೆನಪು, ಅದು ದಿನಕ್ಕೊಂದು ಬಗೆಯಾಗಿ ಬದಲಾಗುತ್ತದೆ.

ಮೊದಲು ನೆಲ.

ಇಳಿಜಾರನ್ನು ಕಣ್ಣಳತೆಯಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಕೆಳಗೆ ನಿಂತವನಿಗೆ ಅದು ಗೋಡೆ, ಮೇಲೆ ನಿಂತವನಿಗೆ ಬಯಲು. ಅಳೆಯುವುದು ಮಾತ್ರ ಬಹಳ ಸುಲಭ. ಒಂದು ಮೀಟರ್ ಉದ್ದದ ನೇರ ರೀಪಿನ ಒಂದು ತುದಿಯನ್ನು ಏರಿನ ಕಡೆ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಸಮ ಮಾಡಿ ಹಿಡಿದು, ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪಿನಲ್ಲಿ ನೋಡಬೇಕು. 18 ಸೆಂ.ಮೀ. ಬಂದರೆ 10 ಡಿಗ್ರಿ, 27 ಬಂದರೆ 15 ಡಿಗ್ರಿ, 36 ಬಂದರೆ 20 ಡಿಗ್ರಿ. ಒಂದೇ ಕಡೆ ಅಳೆಯದೆ ಟ್ರ್ಯಾಕ್ಟರು ನಡೆದ ಜಾಡಿನ ಉದ್ದಕ್ಕೂ ನಾಲ್ಕೈದು ಕಡೆ ಅಳೆಯಬೇಕು. ನಮ್ಮ ಪ್ರಸಂಗದಲ್ಲಿ ಸರಾಸರಿ 27 ಸೆಂ.ಮೀ. ಬಂತು ಎಂದಿಟ್ಟುಕೊಳ್ಳೋಣ. ಅಂದರೆ 15 ಡಿಗ್ರಿ.

ಇನ್ನು ಟ್ರ್ಯಾಕ್ಟರು ಎಷ್ಟು ಡಿಗ್ರಿಗೆ ಮಗುಚಬೇಕು ಎಂಬ ಪ್ರಶ್ನೆ. ಇದರ ಲೆಕ್ಕ ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. ಟ್ರ್ಯಾಕ್ಟರಿನ ಗುರುತ್ವ ಕೇಂದ್ರದಿಂದ ನೆಲಕ್ಕೆ ಇಳಿಬಿಟ್ಟ ತೂಗುಗುಂಡು ಚಕ್ರಗಳ ನಡುವೆ ಬೀಳುವವರೆಗೆ ಟ್ರ್ಯಾಕ್ಟರು ನಿಲ್ಲುತ್ತದೆ. ಅದು ಇಳಿಜಾರಿನ ಕಡೆಯ ಚಕ್ರವನ್ನು ದಾಟಿ ಆಚೆ ಬಿದ್ದರೆ ಮಗುಚುತ್ತದೆ. ಈ ಗಾತ್ರದ ಟ್ರ್ಯಾಕ್ಟರಿನಲ್ಲಿ ಗುರುತ್ವ ಕೇಂದ್ರ ನೆಲದಿಂದ ಮುಕ್ಕಾಲು ಮೀಟರಿಗಿಂತ ತುಸು ಮೇಲಿರುತ್ತದೆ, ಹಿಂದಿನ ದೊಡ್ಡ ಚಕ್ರಗಳ ಕಡೆಗೇ ವಾಲಿರುತ್ತದೆ. ನಮ್ಮ ತೋಟದಲ್ಲಿ ಆ ದೊಡ್ಡ ಚಕ್ರಗಳ ನಡುವಿನ ಅಂತರ 1.2 ಮೀಟರ್. ಈ ಎರಡರಿಂದಲೇ ಲೆಕ್ಕ ಹಾಕಿದರೆ 37 ಡಿಗ್ರಿಯವರೆಗೆ ತೊಂದರೆ ಇಲ್ಲ ಎಂದು ಬರುತ್ತದೆ.

ಇಲ್ಲೊಂದು ಮೋಸ ಇದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚನ್ನು ಎಂಜಿನ್ನಿಗೆ ಬಿಗಿಯಾಗಿ ಕೂಡಿಸಿರುವುದಿಲ್ಲ. ನಡುವಿನ ಒಂದು ದಪ್ಪ ಪಿನ್ನಿನ ಮೇಲೆ ಅದು ಆಚೆ ಈಚೆ ತೊನೆಯುತ್ತದೆ. ಉಬ್ಬುತಗ್ಗಿನ ಹೊಲದಲ್ಲಿ ನಾಲ್ಕೂ ಚಕ್ರ ನೆಲ ಬಿಡದಿರಲಿ ಎಂದು ಹಾಗೆ ಮಾಡಿರುವುದು. ಆದರೆ ಪಕ್ಕಕ್ಕೆ ಮಗುಚಲು ಶುರುವಾದಾಗ ಮುಂದಿನ ಚಕ್ರಗಳ ಅಗಲ ಸಹಾಯಕ್ಕೆ ಬರುವುದಿಲ್ಲ. ನೋಡಲು ನಾಲ್ಕು ಚಕ್ರ, ಭಾರ ತಾಳುವುದು ಮೂರು ಬಿಂದು: ಹಿಂದಿನ ಎರಡು ಚಕ್ರ, ಮುಂದಿನ ಒಂದು ಪಿನ್ನು. ಆ ತ್ರಿಕೋನ ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ 37 ಡಿಗ್ರಿ 32ಕ್ಕೆ ಇಳಿಯುತ್ತದೆ. ಅಪಾಯದ ಇನ್ನೊಂದು ಮುಖವೂ ಇದರಲ್ಲೇ ಇದೆ. ಮುಂದಿನ ಅಚ್ಚು ತನ್ನಷ್ಟಕ್ಕೆ ನೆಲಕ್ಕೆ ಹೊಂದಿಕೊಂಡು ಹೋಗುವುದರಿಂದ ಸೀಟಿನ ಮೇಲೆ ಕೂತವನಿಗೆ ಹಿಂದಿನ ಚಕ್ರ ಎತ್ತುವವರೆಗೆ ಏನೂ ತಿಳಿಯುವುದಿಲ್ಲ.

ಈ 32 ಡಿಗ್ರಿಯನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದುಕೊಂಡಂತೆ ಇಟ್ಟುಕೊಳ್ಳಿ. ಇನ್ನು ಮುಂದಿನದೆಲ್ಲ ಖರ್ಚು.

ಇಳಿಜಾರು ಆಗಲೇ 15 ಖರ್ಚು ಮಾಡಿದೆ. ಅರ್ಧಕ್ಕಿಂತ ಹೆಚ್ಚು ಇನ್ನೂ ಕೈಯಲ್ಲಿದೆ. ಇದೇ ಇಳಿಜಾರಿನಲ್ಲಿ ಬೆಳಗಿನಿಂದ ಟ್ರ್ಯಾಕ್ಟರು ಓಡಾಡಿದ್ದು ಹೀಗೆಯೇ, ‘ದಿನಾ ಹೋಗ್ತಿದ್ವಲ್ಲ’ ಎಂದು ಎಲ್ಲರೂ ಹೇಳುವುದೂ ಇದರಿಂದಲೇ. ಆ ಮಾತು ಸುಳ್ಳಲ್ಲ. ಆದರೆ ಮಗುಚಿದ ಜಾಗದಲ್ಲಿ ಎರಡು ಗುರುತು ಸಿಕ್ಕಿವೆ. ಎಡ ಚಕ್ರದ ಜಾಡಿನಲ್ಲಿ ಕಿತ್ತ ಕಾಫಿ ಗಿಡದ ಬೊಡ್ಡೆ, ತೊಗಟೆ ಸುಲಿದುಹೋಗಿದೆ, ನೆಲದಿಂದ 12 ಸೆಂ.ಮೀ. ಎತ್ತರ. ಬಲ ಚಕ್ರದ ಜಾಡಿನಲ್ಲಿ ಟೈರು 18 ಸೆಂ.ಮೀ. ಆಳಕ್ಕೆ ಇಳಿದಿದೆ. ಅಗೆದು ನೋಡಿದರೆ ಅದು ಹಳೆಯ ತೊಟ್ಟಿಲುಗುಂಡಿ. ಮಳೆಯ ನೀರು ಇಂಗಲಿ, ಮಣ್ಣು ಕೊಚ್ಚಿಹೋಗದಿರಲಿ ಎಂದು ಕಾಫಿ ಸಾಲುಗಳ ನಡುವೆ ತೆಗೆದಿದ್ದ ಗುಂಡಿ. ವರ್ಷಗಟ್ಟಲೆ ತರಗೆಲೆ, ಸಡಿಲ ಮಣ್ಣು ತುಂಬಿಕೊಂಡು ಮೇಲೆ ಕಳೆ ಬೆಳೆದು ನೆಲದ ಹಾಗೇ ಕಾಣುತ್ತಿದೆ. ಹಿಂದಿನ ರಾತ್ರಿಯ ಮಳೆಗೆ ಅದು ಮೆತ್ತಗಾಗಿದೆ.

ಒಂದು ಚಕ್ರ 12 ಮೇಲೆ, ಇನ್ನೊಂದು 18 ಕೆಳಗೆ, ಒಟ್ಟು 30 ಸೆಂ.ಮೀ. ವ್ಯತ್ಯಾಸ. 1.2 ಮೀಟರ್ ಅಗಲಕ್ಕೆ 30 ಸೆಂ.ಮೀ. ಎಂದರೆ 14 ಡಿಗ್ರಿ. ಹೊಲದ 15 ಡಿಗ್ರಿ ಎಂಬುದು ಟ್ರ್ಯಾಕ್ಟರಿನ ಪಾಲಿಗೆ ಆ ಒಂದು ಹೆಜ್ಜೆಯಲ್ಲಿ 29 ಆಯಿತು. ಜಮಾ 32, ಖರ್ಚು 29. ಉಳಿದಿದ್ದು 3.

‘ಇಳಿಜಾರು ಜಾಸ್ತಿ ಇತ್ತು’ ಎಂದು ಬರೆದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಹೊಲದ ಇಳಿಜಾರು ಬೆಳಗಿನಿಂದ ಸಂಜೆಯವರೆಗೆ ಅಷ್ಟೇ ಇತ್ತು. ಮಗುಚಿಸಲು ಹೊರಟದ್ದು ಒಂದು ಬೊಡ್ಡೆ ಮತ್ತು ಒಂದು ಗುಂಡಿ, ಅವೂ ಒಂದೇ ಕ್ಷಣದಲ್ಲಿ ಸಿಕ್ಕಿದ್ದಕ್ಕೆ. ಇಂಥ ಕಡೆ ಬಲ ಟೈರಿನ ಗಾಳಿಯನ್ನೂ ನೋಡಿ ಬರೆಯಬೇಕು. ಕೆಳಗಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಅದು ಭಾರಕ್ಕೆ ಚಪ್ಪಟೆಯಾಗಿ ಇನ್ನೂ ಒಂದು ಡಿಗ್ರಿ ತಿನ್ನುತ್ತದೆ.

ಇನ್ನು ಹೊರೆ.

ವೇ ಬ್ರಿಡ್ಜ್ ಇಲ್ಲದ ಕಡೆ ಲೋಡು ಎಷ್ಟಿತ್ತು ಎಂದರೆ ‘ಒಂದು ಟ್ರೈಲರ್’ ಎಂಬ ಉತ್ತರ ಬರುತ್ತದೆ. ಒಣ ತರಗೆಲೆಯೂ ಒಂದು ಟ್ರೈಲರ್, ನೆನೆದ ಗೊಬ್ಬರವೂ ಒಂದು ಟ್ರೈಲರ್. ಅದಕ್ಕೇ ಬಕೆಟ್ಟು ಬೇಕಾಗುವುದು. 15 ಲೀಟರಿನ ಬಕೆಟ್ಟಿಗೆ ಅದೇ ಗೊಬ್ಬರ ತುಂಬಿ, ಟ್ರೈಲರಿನಲ್ಲಿದ್ದಷ್ಟೇ ಅದುಮಿ, ತೂಗಿದರೆ ಬಕೆಟ್ಟಿನ ತೂಕ ಕಳೆದು ಹತ್ತೂವರೆ ಕಿಲೋ ಬಂತು ಎನ್ನೋಣ. ಅಂದರೆ ಲೀಟರಿಗೆ 700 ಗ್ರಾಂ. ಟ್ರೈಲರಿನ ಒಳಗಿನ ಅಳತೆ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ. 90 ಘನ ಅಡಿ, ಸುಮಾರು 2,550 ಲೀಟರ್. ಹಲಗೆಯ ಮಟ್ಟಕ್ಕೆ ತುಂಬಿದರೆ ಸುಮಾರು 18 ಕ್ವಿಂಟಲ್. ಬರಿಯ ಟ್ರೈಲರಿನ ತೂಕ 8 ಕ್ವಿಂಟಲ್. ಈ ಟ್ರ್ಯಾಕ್ಟರು ತಾನೇ 18 ಕ್ವಿಂಟಲ್ ಆಸುಪಾಸು. ಬೆಳಿಗ್ಗೆ ಹೊರಟಾಗ ತನಗಿಂತ ಒಂದೂವರೆ ಪಟ್ಟು ಭಾರವನ್ನು, ಅದೂ ಬ್ರೇಕಿಲ್ಲದ ಟ್ರೈಲರಿನಲ್ಲಿ, ಅದು ಎಳೆಯುತ್ತಿತ್ತು. ಆಗ ಮಗುಚಲಿಲ್ಲ. ಅರ್ಧ ಇಳಿಸಿ ಹಗುರಾದ ಮೇಲೆ ಮಗುಚಿತು. ಕಾರಣ ಬೇರೆಯೇ ಇದೆ.

ಇಳಿಜಾರಿಗೆ ಅಡ್ಡ ನಿಂತ ಟ್ರೈಲರಿನಿಂದ ಗೊಬ್ಬರ ಎಳೆಯುವವರು ಯಾವ ಕಡೆ ನಿಲ್ಲುತ್ತಾರೆ? ಏರಿನ ಕಡೆ. ಅಲ್ಲಿ ನೆಲ ಎತ್ತರ, ಟ್ರೈಲರಿನ ಹಲಗೆ ಸೊಂಟದ ಮಟ್ಟಕ್ಕೆ ಸಿಗುತ್ತದೆ. ಕೆಳಗಿನ ಕಡೆ ನಿಂತರೆ ಕೈಯೆತ್ತಿ ಎಳೆಯಬೇಕು, ಗೊಬ್ಬರ ಮೈಮೇಲೆ ಬೀಳುತ್ತದೆ. ಹಾಗಾಗಿ ಎಲ್ಲರೂ ಮೇಲಿನ ಕಡೆಯಿಂದಲೇ ಎಳೆದರು. ಮೇಲಿನ ಅರ್ಧ ಖಾಲಿಯಾಯಿತು, ಉಳಿದ 9 ಕ್ವಿಂಟಲ್ ಗೊಬ್ಬರವೆಲ್ಲ ಕೆಳಗಿನ ಹಲಗೆಗೆ ಒತ್ತಿಕೊಂಡು ಉಳಿಯಿತು. ಯಾರದೂ ತಪ್ಪಿಲ್ಲದ ಕೆಲಸ ಇದು. ಬೆನ್ನಿಗೆ ಹಿತವಾದ ಕಡೆ ನಿಂತು ದುಡಿದದ್ದಷ್ಟೇ. ಟ್ರೈಲರಿನ ಬಲ ಚಕ್ರ ಮಾತ್ರ ಎಡದ್ದಕ್ಕಿಂತ ಎಷ್ಟೋ ಹೆಚ್ಚು ಭಾರ ಹೊತ್ತು ಹಸಿ ಮಣ್ಣಿನಲ್ಲಿ ಹೂತುಕೊಂಡು, ಕೆಳಕ್ಕೆ ಜಾರಲು ನೋಡುತ್ತಿತ್ತು.

15 ಡಿಗ್ರಿ ಇಳಿಜಾರಿನಲ್ಲಿ ಅಡ್ಡ ನಿಂತ 17 ಕ್ವಿಂಟಲ್ ಭಾರ ಸುಮಾರು ನಾಲ್ಕೂವರೆ ಕ್ವಿಂಟಲಿನಷ್ಟು ಬಲದಿಂದ ಕೆಳಕ್ಕೆ ಎಳೆಯುತ್ತದೆ. ಒಣ ನೆಲದಲ್ಲಿ ಇದನ್ನೆಲ್ಲ ಟ್ರೈಲರಿನ ಟೈರುಗಳೇ ತಡೆದುಕೊಳ್ಳುತ್ತವೆ. ಮಳೆ ಬಿದ್ದ ನೆಲದಲ್ಲಿ ಟೈರು ಜಾರತೊಡಗಿದರೆ ಒಂದು ಪಾಲು ಹುಕ್ಕಿನ ಮೂಲಕ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬರುತ್ತದೆ. ಎಷ್ಟು ಪಾಲು ಎಂದು ಟೇಪು ತಕ್ಕಡಿಯಲ್ಲಿ ಹೇಳಲಾಗದು. ಆದರೆ ಟ್ರೈಲರಿನ ಟೈರು ಜಾರಿದ ಗುರುತು ಉದ್ದಕ್ಕೆ ಸವರಿದಂತೆ ನೆಲದಲ್ಲಿ ಬಿದ್ದಿರುತ್ತದೆ. ಅದರ ಫೋಟೋ ವರದಿಯ ಜೊತೆ ಇರಬೇಕು. ನಮ್ಮ ಲೆಕ್ಕದಲ್ಲಿ ಇದಕ್ಕೆ ಡಿಗ್ರಿ ಹಾಕದೆ ‘ಹೊರೆಯ ಎಳೆತ ಇತ್ತು’ ಎಂದಷ್ಟೇ ಬರೆದರೆ ಅದು ಪ್ರಾಮಾಣಿಕ.

ಹುಕ್ಕು ಎಲ್ಲಿತ್ತು ಎಂಬುದನ್ನೂ ಬರೆಯಬೇಕು. ಇಲ್ಲಿ ಟ್ರೈಲರನ್ನು ಕೆಳಗಿನ ಹುಕ್ಕಿಗೇ ಹಾಕಿದ್ದರು, ಅದು ಸರಿ. ಕೆಲವರು ಸಿಕ್ಕಿಹಾಕಿಕೊಂಡ ಗಾಡಿಯನ್ನೋ ಮರದ ದಿಮ್ಮಿಯನ್ನೋ ಎಳೆಯಲು ಸರಪಣಿಯನ್ನು ಮೇಲಿನ ಲಿಂಕಿಗೆ ಕಟ್ಟುತ್ತಾರೆ. ಆಗ ಆಗುವುದು ಪಕ್ಕದ ಪಲ್ಟಿಯಲ್ಲ, ಹಿಮ್ಮುಖ ಪಲ್ಟಿ. ದೊಡ್ಡ ಚಕ್ರ ತಿರುಗಲಾಗದೆ ನಿಂತರೆ ಎಂಜಿನ್ನಿನ ಶಕ್ತಿ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲೆತ್ತುತ್ತದೆ. ಮೂತಿ ಎದ್ದು ತಲೆಕೆಳಗಾಗಲು ಒಂದೂವರೆ ಸೆಕೆಂಡು ಸಾಕು. ಅದರ ಅರ್ಧದೊಳಗೆ ಕ್ಲಚ್ ತುಳಿಯದಿದ್ದರೆ ಆಮೇಲೆ ತುಳಿದೂ ಪ್ರಯೋಜನವಿಲ್ಲ. ಅಷ್ಟು ಬೇಗ ಯಾವ ಮನುಷ್ಯನ ಕಾಲೂ ಓಡುವುದಿಲ್ಲ. ‘ಹಾರಿ ತಪ್ಪಿಸಿಕೊಳ್ಳಬಹುದಿತ್ತು’ ಎನ್ನುವವರು ಇದನ್ನು ಲೆಕ್ಕ ಹಾಕಿರುವುದಿಲ್ಲ.

ಮೂರನೆಯದು ಡ್ರೈವರನ ಅನುಭವ. ವರದಿಗಳು ಹೆಚ್ಚು ಎಡವುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ವರ್ಷದಿಂದ ಓಡಿಸ್ತಿದ್ದೀಯ?’ ನಮ್ಮ ಪ್ರಸಂಗದ ಡ್ರೈವರು ದಾವಣಗೆರೆ ಕಡೆಯವನು. ಹನ್ನೊಂದು ವರ್ಷ ಟ್ರ್ಯಾಕ್ಟರ್ ಓಡಿಸಿದ್ದಾನೆ, ಲೈಸೆನ್ಸು ಇದೆ, ಕುಡಿದಿರಲಿಲ್ಲ. ಹನ್ನೊಂದು ವರ್ಷ ಎಂದು ಬರೆದರೆ ಅನುಭವಿ ಎಂದಾಯಿತು. ಅನುಭವಿ ಮಗುಚಿಸಿದ ಎಂದರೆ ಅಜಾಗರೂಕ ಎಂದಾಯಿತು. ಅಲ್ಲಿಗೆ ತನಿಖೆ ಮುಗಿಯಿತು.

ಕೇಳಬೇಕಾದದ್ದು ಬೇರೆ. ಯಾವ ನೆಲದಲ್ಲಿ ಓಡಿಸಿದ್ದೆ? ಈ ತೋಟಕ್ಕೆ ಬಂದು ಎಷ್ಟು ದಿನ? ಅಡ್ಡ ಇಳಿಜಾರಿನಲ್ಲಿ ಟ್ರೈಲರ್ ಸಮೇತ ಮೊದಲು ಹೋಗಿದ್ದೆಯಾ? ಈ ಹೊಲದ ಗುಂಡಿ, ಬೊಡ್ಡೆ ಎಲ್ಲೆಲ್ಲಿವೆ ಎಂದು ಯಾರಾದರೂ ತೋರಿಸಿದ್ದರಾ? ಅವತ್ತು ಬೆಳಿಗ್ಗೆ ಎಷ್ಟು ಹೊತ್ತಿಗೆ ಸೀಟಿಗೆ ಹತ್ತಿದ್ದೆ? ಮಗುಚುವ ಮುಂಚೆ ಕೈ ಏನು ಮಾಡಿತು, ಕಾಲು ಏನು ಮಾಡಿತು? ಆಸ್ಪತ್ರೆಯ ಮಂಚದ ಪಕ್ಕ ಕೂತು, ಬೈಯದೆ ಕೇಳಿದರೆ ಉತ್ತರ ಸಿಗುತ್ತದೆ. ಈ ಡ್ರೈವರನ ಉತ್ತರ ಹೀಗಿರಬಹುದು:

‘ನಮ್ಮ ಕಡೆ ಗದ್ದೆ ಬಯಲು ರೈಟ್ರೇ. ಕೆಸರಲ್ಲಿ ಸಾಲಿನ ತುದಿಗೆ ಬಂದಾಗ ಒಂದು ಕಡೆ ಬ್ರೇಕ್ ಒತ್ತಿದ್ರೆ ಗಾಡಿ ಅಲ್ಲೇ ತಿರುಗುತ್ತೆ. ಅದೇ ರೂಢಿ. ಇಲ್ಲಿ ಬಲಗಡೆ ಕುಸೀತಾ ಇದೆ ಅನ್ನಿಸ್ತು. ಮೇಲಕ್ಕೆ ಎಳಕಳಣ ಅಂತ ಸ್ಟೇರಿಂಗ್ ಎಡಕ್ಕೆ ಕೊಟ್ಟು ಎಡಗಡೆ ಬ್ರೇಕ್ ಒತ್ತಿ ಆಕ್ಸಿಲೇಟರ್ ಕೊಟ್ಟೆ. ಅಷ್ಟೇ ಗೊತ್ತು.’

ಈ ನಾಲ್ಕು ಮಾತಿನಲ್ಲಿ ಉಳಿದ ಮೂರು ಡಿಗ್ರಿಯ ಲೆಕ್ಕ ಪೂರ್ತಿ ಇದೆ.

ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಒಂದು ಎಡ ದೊಡ್ಡ ಚಕ್ರಕ್ಕೆ, ಒಂದು ಬಲಕ್ಕೆ. ಎರಡನ್ನೂ ಸೇರಿಸುವ ಒಂದು ಪಟ್ಟಿ, ಅಂದರೆ ಲಾಕು ಇರುತ್ತದೆ. ರಸ್ತೆಯಲ್ಲಿ, ಇಳಿಜಾರಿನಲ್ಲಿ, ಟ್ರೈಲರ್ ಹಾಕಿದಾಗ ಲಾಕು ಹಾಕಿರಬೇಕು. ಗದ್ದೆ ಉಳುವಾಗ ಬಿಚ್ಚಬೇಕು. ಬಿಚ್ಚಿಯೇ ಅಭ್ಯಾಸವಾದವನಿಗೆ ಲಾಕು ಇರುವುದೇ ಮರೆತಿರುತ್ತದೆ. ಮಗುಚಿದ ಟ್ರ್ಯಾಕ್ಟರಿನಲ್ಲಿ ಈ ಲಾಕು ಹಾಕಿತ್ತೇ, ಬಿಚ್ಚಿತ್ತೇ ಎಂಬುದು ಇದ್ದಹಾಗೇ ಉಳಿದಿರುತ್ತದೆ. ಗೇರಿನ ಕೋಲೂ ಹಾಗೇ. ಎರಡರ ಫೋಟೋ ತೆಗೆಯಲು ಒಂದು ನಿಮಿಷ ಸಾಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಬಿಡುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದ್ದರೆ ಗೇರಿನ ಕೋಲೇ ಹೇಳುತ್ತಿತ್ತು. ಇಲ್ಲಿ ಗಾಡಿ ಗೇರಿನಲ್ಲೇ ಇತ್ತು, ಬ್ರೇಕಿನ ಲಾಕು ಮಾತ್ರ ಬಿಚ್ಚಿತ್ತು.

ಬೊಡ್ಡೆಯ ಮೇಲಿದ್ದ ಎಡ ಚಕ್ರಕ್ಕೆ ಬ್ರೇಕ್ ಬಿದ್ದಾಗ ಅದು ಅಲ್ಲೇ, ಎತ್ತರದಲ್ಲೇ, ನಿಂತುಕೊಂಡಿತು. ಡಿಫರೆನ್ಷಿಯಲ್‌ನ ಗುಣದಂತೆ ಎಂಜಿನ್ನಿನ ತಿರುಗಾಟವೆಲ್ಲ ಬಲ ಚಕ್ರಕ್ಕೆ ಹೋಗಿ, ಗುಂಡಿಯ ಮೆತ್ತನೆ ಮಣ್ಣನ್ನು ಅದು ಇನ್ನಷ್ಟು ತೋಡಿತು. ಜೊತೆಗೆ ಏರಿನ ಕಡೆಗೆ ತಿರುವು. ತಿರುಗುವ ಗಾಡಿಯ ಭಾರ ತಿರುವಿನ ಹೊರಕ್ಕೆ, ಅಂದರೆ ಇಲ್ಲಿ ಇಳಿಜಾರಿನ ಕಡೆಗೆ, ತಳ್ಳುತ್ತದೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ 3 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಆ ತಳ್ಳು ಸುಮಾರು 4 ಡಿಗ್ರಿ ಇಳಿಜಾರಿಗೆ ಸಮ. ನಡೆದು ಹೋಗುವವನ ವೇಗ ಅದು, ಯಾರೂ ಅದನ್ನು ಜೋರು ಎನ್ನುವುದಿಲ್ಲ. ವೇಗ 8 ಕಿ.ಮೀ. ಆದರೆ ಅದೇ ತಿರುವು ಸುಮಾರು ಒಂಬತ್ತೂವರೆ ಡಿಗ್ರಿ ತಿನ್ನುತ್ತದೆ. ಇದ್ದದ್ದು 3, ಬೇಕಾದದ್ದು 4. ಮೇಲೆ ಟ್ರೈಲರಿನ ಎಳೆತ ಬೇರೆ.

ಸ್ಟೇರಿಂಗನ್ನು ಬಲಕ್ಕೆ, ಇಳಿಜಾರಿನ ಕಡೆಗೇ ಕೊಟ್ಟಿದ್ದರೆ? ಬ್ರೇಕ್ ಮುಟ್ಟದೆ, ಆಕ್ಸಿಲೇಟರ್ ಬಿಟ್ಟು ಹಾಗೆ ಮಾಡಿದ್ದರೆ ಅದೇ ತಳ್ಳು ಏರಿನ ಕಡೆಗೆ ಕೆಲಸ ಮಾಡುತ್ತಿತ್ತು, ಮೂತಿ ಇಳಿಜಾರಿಗೆ ನೇರವಾಗಿ ನಿಲ್ಲುತ್ತಿತ್ತು. ಮಲೆನಾಡಿನಲ್ಲಿ ಬಹಳ ಕಾಲ ಓಡಿಸಿದವರು ಇದನ್ನೇ ಮಾಡುತ್ತಾರೆ. ಹೊಸಬನಿಗೆ ಅದು ತೋಚುವುದಿಲ್ಲ. ಕುಸಿಯುತ್ತಿರುವ ಕಡೆಗೇ ತಿರುಗಿಸು ಎಂಬುದು ಮೈಗೆ ಒಪ್ಪದ ಮಾತು. ಹಾಗಾಗಿ ಈ ಡ್ರೈವರಿಗೆ ಅನುಭವ ಇರಲಿಲ್ಲ ಎನ್ನುವುದೂ ತಪ್ಪು, ಅವನು ಎಚ್ಚರವಿಲ್ಲದೆ ಇದ್ದ ಎನ್ನುವುದೂ ತಪ್ಪು. ಬಲಗಡೆ ಕುಸಿಯುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಹನ್ನೊಂದು ವರ್ಷದ ಅನುಭವ ಅವನ ಕಾಲನ್ನು ಎಡ ಪೆಡಲಿಗೆ ಒಯ್ದಿತು. ಬಯಲಿನಲ್ಲಿ ಉಳಿಸುತ್ತಿದ್ದ ಕೈಚಳಕ ಇಲ್ಲಿ ಮಗುಚಿಸಿತು. ಇದನ್ನು ವರದಿಯಲ್ಲಿ ಬರೆಯದಿದ್ದರೆ, ಅವನ ಜಾಗಕ್ಕೆ ಬಯಲಿನಿಂದಲೇ ಇನ್ನೊಬ್ಬ ‘ಅನುಭವಿ’ ಬರುತ್ತಾನೆ.

ಹಿಂದಿನ ಡ್ರೈವರಿಗೆ ಆ ಗುಂಡಿಗಳು ಗೊತ್ತಿದ್ದವು, ಅವನು ಸುತ್ತಿಕೊಂಡು ಹೋಗುತ್ತಿದ್ದ. ಅವನು ಕೆಲಸ ಬಿಟ್ಟಾಗ ಆ ತಿಳಿವಳಿಕೆಯೂ ಅವನ ಜೊತೆ ಹೋಯಿತು. ಹೊಸಬನಿಗೆ ಕೊಟ್ಟದ್ದು ಕೀಲಿ ಮಾತ್ರ. ರೈಟರು ಇದನ್ನೂ ಬರೆಯಬೇಕು, ತನ್ನ ಮೇಲೇ ಬಂದರೂ.

ಯಜಮಾನರ ಮೇಲೆ ಬರುವುದೂ ಒಂದಿದೆ, ಬರೆಯಲು ಧೈರ್ಯ ಬೇಕಾದದ್ದು ಅದಕ್ಕೇ. ದೊಡ್ಡ ಚಕ್ರಗಳ ನಡುವಿನ ಅಂತರ 1.2 ಮೀಟರ್ ಯಾಕಿತ್ತು? ಕಾಫಿ ಸಾಲಿನ ನಡುವೆ ಟ್ರ್ಯಾಕ್ಟರು ನುಗ್ಗಲಿ ಎಂದು ತೋಟದವರೇ ರಿಮ್ಮುಗಳನ್ನು ಒಳಮುಖವಾಗಿ ಹಾಕಿಸಿದ್ದರು. ಈ ಗಾತ್ರದ ಟ್ರ್ಯಾಕ್ಟರುಗಳಲ್ಲಿ ರಿಮ್ಮನ್ನು ಮಗುಚಿ ಹಾಕಿದರೆ ಚಕ್ರಗಳು ಹೊರಕ್ಕೆ ಸರಿಯುತ್ತವೆ. ಅಂತರ 1.5 ಮೀಟರ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಅದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿ. ಜಮಾ 32ರ ಬದಲು 38. ಅದೇ ಬೊಡ್ಡೆ, ಅದೇ ಗುಂಡಿ 14ರ ಬದಲು 11 ಡಿಗ್ರಿ. ಇಳಿಜಾರಿನ 15 ಸೇರಿದರೆ ಖರ್ಚು 26. ಕೈಯಲ್ಲಿ 12 ಡಿಗ್ರಿ ಉಳಿಯುತ್ತಿತ್ತು. ಆ ತಪ್ಪು ತಿರುವು 4 ತಿಂದರೂ 8 ಮಿಗುತ್ತಿತ್ತು. ಡ್ರೈವರು ಅದೇ, ಕಾಲಿಟ್ಟ ಪೆಡಲು ಅದೇ. ಬಹುಶಃ ಒಮ್ಮೆ ಎದೆ ಝಲ್ಲೆಂದು ಗಾಡಿ ಮುಂದೆ ಹೋಗುತ್ತಿತ್ತು.

‘ಬಹುಶಃ’ ಎಂಬ ಮಾತು ಇಲ್ಲಿ ಬೇಕೇ ಬೇಕು. ಈ ಅಂಕಿಗಳಲ್ಲಿ ಎರಡು ಮೂರು ಡಿಗ್ರಿ ಆಚೀಚೆ ಆಗಬಹುದು. ಗುರುತ್ವ ಕೇಂದ್ರದ ಎತ್ತರ ಒಂದೊಂದು ಮಾಡೆಲಿಗೆ ಒಂದೊಂದು. ಟೈರಿಗೆ ನೀರು ತುಂಬಿಸಿದ್ದರೆ ಅದು ಕೆಳಗಿಳಿಯುತ್ತದೆ, ಮುಂದಿನ ಲೋಡರ್ ಎತ್ತಿದ್ದರೆ ಮೇಲೇರುತ್ತದೆ. ಚಕ್ರ ಗುಂಡಿಗೆ ನಿಧಾನವಾಗಿ ಇಳಿಯುವುದು ಬೇರೆ, ದಡಕ್ಕನೆ ಬೀಳುವುದು ಬೇರೆ. ಬಿದ್ದ ರಭಸಕ್ಕೆ ಮೈ ಲೆಕ್ಕಕ್ಕಿಂತ ಹೆಚ್ಚು ವಾಲುತ್ತದೆ. ಆದ್ದರಿಂದ 32 ಎಂದು ಬಂದರೆ 30ರವರೆಗೆ ಹೋಗಬಹುದು ಎಂದು ಅರ್ಥ ಮಾಡಿಕೊಳ್ಳಬಾರದು. ಟ್ರೈಲರ್ ಸಮೇತ ಅಡ್ಡ ಹೋಗುವುದಕ್ಕೆ ಈ ಹೊಲದ 15 ಡಿಗ್ರಿಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಲೆಕ್ಕದ ಉಪಯೋಗ ಅಷ್ಟೇ: ಯಾವ ಖರ್ಚು ದೊಡ್ಡದು, ಯಾವುದನ್ನು ಸುಲಭವಾಗಿ ತಗ್ಗಿಸಬಹುದು ಎಂದು ತೋರಿಸುವುದು.

ಡ್ರೈವರು ಉಳಿದದ್ದು ಮರದಿಂದ ಎಂದು ಆಗಲೇ ಹೇಳಿದೆ. ಉಳಿಸಬೇಕಾಗಿದ್ದದ್ದು ಸೀಟಿನ ಹಿಂದೆ ನಿಲ್ಲುವ ಗಟ್ಟಿ ಉಕ್ಕಿನ ಕಮಾನು. ಟ್ರ್ಯಾಕ್ಟರು ಮಗುಚಿದರೂ ಡ್ರೈವರಿಗೆ ಜಾಗ ಉಳಿಸುವ ಚೌಕಟ್ಟು ಅದು. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು, ಅಲ್ಲಿ ಪಲ್ಟಿಯ ಸಾವುಗಳು ಬಹುಮಟ್ಟಿಗೆ ಇಳಿದವು. ನಮ್ಮಲ್ಲಿ ಕಾಣುವುದು ಹೆಚ್ಚಾಗಿ ಬಿಸಿಲು ಮಳೆಗೆಂದು ಹಾಕಿಸಿದ ತೆಳು ಮೇಲ್ಛಾವಣಿ. ಅದು ಮಗುಚಿದಾಗ ಮಡಚಿಕೊಂಡು ಡ್ರೈವರನ್ನೇ ಸಿಕ್ಕಿಸುತ್ತದೆ. ಕಾಫಿ ತೋಟದವರ ಆಕ್ಷೇಪ ಗೊತ್ತಿರುವುದೇ: ಕಮಾನು ಕೊಂಬೆಗೆ ತಾಗುತ್ತದೆ. ಮಡಚಿಡುವ ಕಮಾನುಗಳೂ ಇವೆ. ಆದರೆ ಇಳಿಜಾರಿಗೆ ಬಂದಾಗ ಎತ್ತಿ ನಿಲ್ಲಿಸಬೇಕು, ಸೀಟ್ ಬೆಲ್ಟ್ ಹಾಕಬೇಕು. ಕಮಾನು ಇಲ್ಲದ ಟ್ರ್ಯಾಕ್ಟರಿಗೆ ಬೆಲ್ಟ್ ಹಾಕಿಕೊಳ್ಳಬಾರದು, ಅದು ಮನುಷ್ಯನನ್ನು ಯಂತ್ರದ ಕೆಳಗೇ ಕಟ್ಟಿಹಾಕಿದಂತೆ. ಇನ್ನು ಮಡ್‌ಗಾರ್ಡ್ ಮೇಲೆ ಕೂರುವವರ ಮಾತು. ಟ್ರ್ಯಾಕ್ಟರಿನ ನೋಂದಣಿಯಲ್ಲಿ ಇರುವುದು ಒಂದೇ ಸೀಟು. ಎರಡನೆಯವನಿಗೆ ಏನಾದರೂ ಆದರೆ ವಿಮೆ ಕಂಪನಿಯವರು ಮೊದಲು ತೋರಿಸುವುದು ಆ ಸಾಲನ್ನೇ.

ಎತ್ತಿ ನಿಲ್ಲಿಸಿದ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಮಗ್ಗುಲಾಗಿ ಬಿದ್ದಿದ್ದಾಗ ಎಂಜಿನ್ ಆಯಿಲ್ ಸಿಲಿಂಡರಿಗೆ ಇಳಿದಿರಬಹುದು. ಆಯಿಲ್ ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ. ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಪಲ್ಟಿಯಲ್ಲಿ ಉಳಿದ ಎಂಜಿನ್ನು ಆಮೇಲೆ ಹೋಗುತ್ತದೆ. ಮೆಕ್ಯಾನಿಕ್ ಬಂದು ಇಂಜೆಕ್ಟರ್ ಬಿಚ್ಚಿ ಆಯಿಲ್ ಹೊರಹಾಕುವವರೆಗೆ ಕೀಲಿ ರೈಟರ ಜೇಬಿನಲ್ಲಿರುವುದು ಒಳ್ಳೆಯದು.

ಇಷ್ಟೆಲ್ಲ ಸೇರಿಸಿದ ವರದಿ ಎರಡು ಪುಟ ದಾಟುವುದಿಲ್ಲ. ಅದರ ತಿರುಳು ಹೀಗಿರಬಹುದು:

‘ಮಾನ್ಯ ಯಜಮಾನರಿಗೆ ನಮಸ್ಕಾರಗಳು. ಶುಂಠಿ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಬಲಕ್ಕೆ ಮಗುಚಿದೆ. ಡ್ರೈವರನ ಬಲಗಾಲು ಮುರಿದಿದೆ, ಆಸ್ಪತ್ರೆಯಲ್ಲಿದ್ದಾನೆ. ಎತ್ತುವ ಮುಂಚೆ ಅಳೆದದ್ದು: ಇಳಿಜಾರು ಮೀಟರಿಗೆ 27 ಸೆಂ.ಮೀ., ಎಡ ಚಕ್ರದ ಕೆಳಗೆ 12 ಸೆಂ.ಮೀ. ಬೊಡ್ಡೆ, ಬಲ ಚಕ್ರ ಹಳೆಯ ತೊಟ್ಟಿಲುಗುಂಡಿಯಲ್ಲಿ 18 ಸೆಂ.ಮೀ. ಇಳಿದಿದೆ. ಟ್ರೈಲರಿನಲ್ಲಿ ಸುಮಾರು 9 ಕ್ವಿಂಟಲ್ ಗೊಬ್ಬರ ಉಳಿದಿತ್ತು, ಎಲ್ಲ ಕೆಳಗಿನ ಮಗ್ಗುಲಲ್ಲಿ. ಬ್ರೇಕಿನ ಲಾಕು ಬಿಚ್ಚಿತ್ತು. ಡ್ರೈವರಿಗೆ ಗದ್ದೆ ಬಯಲಿನಲ್ಲಿ ಹನ್ನೊಂದು ವರ್ಷ, ನಮ್ಮಲ್ಲಿ ಮೂರು ವಾರ. ಅಡ್ಡ ಇಳಿಜಾರಿನಲ್ಲಿ ಟ್ರೈಲರ್ ಎಳೆದದ್ದು ಇದೇ ಮೊದಲು. ಗುಂಡಿಗಳ ಜಾಗವನ್ನು ನಾನು ಅವನಿಗೆ ತೋರಿಸಿರಲಿಲ್ಲ. ಚಕ್ರಗಳ ಅಂತರ ಕಾಫಿ ಸಾಲಿಗೆಂದು ಕಿರಿದು ಮಾಡಿದ್ದು, ಈ ಪಟ್ಟಿಗೆ ಅದು ಹೊಂದುವುದಿಲ್ಲ. ಫೋಟೋಗಳು ಜೊತೆಯಲ್ಲಿವೆ.’

ಇಂಥ ವರದಿ ಕೈಗೆ ಬಂದ ಯಜಮಾನರು ಕೇಳುವ ಮೊದಲ ಪ್ರಶ್ನೆ ಚಕ್ರದ್ದೇ ಆಗಿರುತ್ತದೆ: ‘ಅಗಲ ಮಾಡಿಸಿದರೆ ಕಾಫಿ ಸಾಲಿಗೆ ಹೋಗೋದು ಹೇಗೆ?’ ನ್ಯಾಯವಾದ ಪ್ರಶ್ನೆ. ದೊಡ್ಡ ಚಕ್ರದ ರಿಮ್ಮು ಮಗುಚಿ ಹಾಕುವುದು ಬೆಳಿಗ್ಗೆ ಸಂಜೆ ಮಾಡುವ ಕೆಲಸವಲ್ಲ. ಸಮತಟ್ಟಾದ ಗಟ್ಟಿ ನೆಲ, ದೊಡ್ಡ ಜಾಕು, ಮೂರು ನಾಲ್ಕು ಜನ ಬೇಕು. ಸೀಜನ್ನಿಗೊಮ್ಮೆ ಮಾಡಬಹುದು ಅಷ್ಟೇ. ಕಾಫಿ ಕೆಲಸ ಮುಗಿದ ಮೇಲೆ ಅಗಲ ಮಾಡಿಸಿ ಶುಂಠಿ ಪಟ್ಟಿಗೆ ಇಳಿಸಬಹುದು. ಆಗಲೂ ಅಡ್ಡ ಓಡಿಸದೆ, ಬೊಡ್ಡೆ ಕೀಳಿಸಿ, ಗುಂಡಿಗಳಿಗೆ ಗೂಟ ಹೊಡೆಸಿ, ಅರ್ಧ ಲೋಡಿನಲ್ಲಿ, ಇಳಿಜಾರಿಗೆ ನೇರವಾಗಿ ಗೇರಿನಲ್ಲೇ ಇಳಿಯಬೇಕು. ಅದೂ ಬೇಡವೆಂದರೆ ಗೊಬ್ಬರವನ್ನು ಮೇಲಿನ ತೋಟದ ರಸ್ತೆಯಲ್ಲೇ ಸುರಿದು ಅಲ್ಲಿಂದ ಕೆಳಕ್ಕೆ ಬುಟ್ಟಿಯಲ್ಲಿ ಹೊರಿಸಬೇಕಾಗುತ್ತದೆ. ಎರಡು ಎಕರೆಗೆ ಅದಕ್ಕೆ ಎಷ್ಟು ಆಳು, ಎಷ್ಟು ದಿನ ಎಂಬ ಲೆಕ್ಕವನ್ನು ರೈಟರು ಅದೇ ವರದಿಯ ಕೊನೆಗೆ ಬರೆದು ಕಳಿಸಿದರೆ, ಯಜಮಾನರು ಹೌದು ಅಥವಾ ಅಲ್ಲ ಎಂದು ಹೇಳಲು ಬೇಕಾದದ್ದೆಲ್ಲ ಅವರ ಮುಂದಿರುತ್ತದೆ.